ಸಣ್ಣ ಕ್ಲಿನಿಕ್ ಮಾದರಿಯಲ್ಲಿ ಕಪ್ಪಾ: ರಚನಾಬದ್ಧ ರೋಗನಿರ್ಣಯ ಸಂದರ್ಶನದ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮನೋವೈದ್ಯಕೀಯ ರೋಗನಿರ್ಣಯಕ್ಕಾಗಿ ರಚನಾಬದ್ಧ ಸಂದರ್ಶನವೊಂದನ್ನು ಹೊಸದಾಗಿ ರೂಪಿಸಿದವರು, ಅಥವಾ ಬೇರೆ ಭಾಷೆಯಿಂದ ತಂದುಕೊಂಡವರು, ಇಬ್ಬರು ಮೌಲ್ಯಮಾಪಕರ ನಡುವಿನ ಹೊಂದಾಣಿಕೆಯನ್ನು ಪರೀಕ್ಷಿಸುವಾಗ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳೆಲ್ಲ ಒಂದೇ ಉದಾಹರಣೆಯ ಸುತ್ತ ನಡೆಯುತ್ತವೆ: 40 ರೋಗಿಗಳು, ಇಬ್ಬರು ಮೌಲ್ಯಮಾಪಕರು, ಪ್ರತಿ ಕಾಯಿಲೆಗೂ "ಇದೆ" ಅಥವಾ "ಇಲ್ಲ" ಎಂಬ ಎರಡೇ ತೀರ್ಮಾನ. ಅಂಕಿಗಳು ವಿವರಣೆಗಾಗಿ ಕಟ್ಟಿಕೊಂಡವು. ಲೆಕ್ಕ ಮಾತ್ರ ನಿಜವಾದದ್ದು.

ಇಬ್ಬರೂ ಎಷ್ಟು ಬಾರಿ ಒಪ್ಪಿದರು ಎಂಬ ಶೇಕಡಾವಾರು ಸಾಕಲ್ಲವೇ? ಕಪ್ಪಾ ಏಕೆ?

ಖಿನ್ನತೆಯಿಂದ ಆರಂಭಿಸೋಣ. 40 ರೋಗಿಗಳಲ್ಲಿ 14 ಮಂದಿಗೆ ಖಿನ್ನತೆ ಇದೆ ಎಂದು ಇಬ್ಬರೂ ಹೇಳಿದರು, 20 ಮಂದಿಗೆ ಇಲ್ಲವೆಂದು ಇಬ್ಬರೂ ಹೇಳಿದರು. ಉಳಿದ ಆರು ಮಂದಿಯಲ್ಲಿ ನಾಲ್ವರಿಗೆ ಮೊದಲ ಮೌಲ್ಯಮಾಪಕರು ಮಾತ್ರ "ಇದೆ" ಎಂದರು, ಇಬ್ಬರಿಗೆ ಎರಡನೆಯವರು ಮಾತ್ರ. ಒಟ್ಟು 34 ಕಡೆ ಒಮ್ಮತ, ಅಂದರೆ ಶೇ. 85.

ಆದರೆ ಈ ಶೇ. 85ರಲ್ಲಿ ಒಂದು ಪಾಲು ಯಾವ ಕೌಶಲವೂ ಇಲ್ಲದೆ ಬರಬಹುದಾದದ್ದು. ಮೊದಲ ಮೌಲ್ಯಮಾಪಕರು ಒಟ್ಟು 18 ಮಂದಿಗೆ (0.45), ಎರಡನೆಯವರು 16 ಮಂದಿಗೆ (0.40) "ಇದೆ" ಎಂದಿದ್ದಾರೆ. ಇಬ್ಬರೂ ರೋಗಿಯ ಮುಖವನ್ನೂ ನೋಡದೆ, ತಮ್ಮ ತಮ್ಮ ಪ್ರಮಾಣಕ್ಕೆ ತಕ್ಕಂತೆ ಚೀಟಿ ಎತ್ತಿದ್ದರೂ "ಇದೆ" ಎಂಬಲ್ಲಿ 0.45 × 0.40 = 0.18, "ಇಲ್ಲ" ಎಂಬಲ್ಲಿ 0.55 × 0.60 = 0.33, ಒಟ್ಟು 0.51ರಷ್ಟು ಒಮ್ಮತ ತಾನಾಗಿಯೇ ಬರುತ್ತಿತ್ತು. ಜೇಕಬ್ ಕೊಹೆನ್ 1960ರಲ್ಲಿ ಮುಂದಿಟ್ಟ ಕಪ್ಪಾ ಕೇಳುವ ಪ್ರಶ್ನೆ ಇಷ್ಟೇ: ಆಕಸ್ಮಿಕದ ಪಾಲನ್ನು ಕಳೆದ ಮೇಲೆ ಗಳಿಸಲು ಉಳಿದಿದ್ದ ಜಾಗದಲ್ಲಿ ಎಷ್ಟನ್ನು ಗಳಿಸಿದ್ದೇವೆ? ಉಳಿದಿದ್ದ ಜಾಗ 0.49, ಗಳಿಸಿದ್ದು 0.34, ಆದ್ದರಿಂದ ಕಪ್ಪಾ 0.69.

ಆರ್ ತಂತ್ರಾಂಶದಲ್ಲಿ ಇದಕ್ಕೆ ಪ್ರತ್ಯೇಕ ಪ್ಯಾಕೇಜ್ ಕೂಡ ಬೇಕಿಲ್ಲ:

```
m <- matrix(c(14, 2, 4, 20), nrow = 2)
n <- sum(m)
po <- sum(diag(m)) / n
pe <- sum(rowSums(m) * colSums(m)) / n^2
(po - pe) / (1 - pe)
```

0.69 ಬಂದಿದೆ. "ಗಣನೀಯ ಒಮ್ಮತ" ಎಂದು ಬರೆಯಬಹುದೇ?

ಬರೆಯುವವರೇ ಹೆಚ್ಚು. 0.61ರಿಂದ 0.80ರವರೆಗಿನ ಕಪ್ಪಾವನ್ನು ಹೀಗೆ ಕರೆಯುವ ಪಟ್ಟಿ ಲ್ಯಾಂಡಿಸ್ ಮತ್ತು ಕಾಖ್ ಅವರ 1977ರ ಲೇಖನದ್ದು. ಆ ಗೆರೆಗಳು ಯಾವ ತತ್ವದಿಂದಲೂ ಹುಟ್ಟಿದವಲ್ಲ, ಚರ್ಚೆಯ ಅನುಕೂಲಕ್ಕಾಗಿ ಎಳೆದುಕೊಂಡವು ಎಂಬುದನ್ನು ಅವರೇ ಅಲ್ಲಿ ಒಪ್ಪಿಕೊಂಡಿದ್ದಾರೆ. ಪಟ್ಟಿಯನ್ನು ಉಲ್ಲೇಖಿಸುವವರು ಆ ವಾಕ್ಯವನ್ನು ಉಲ್ಲೇಖಿಸುವುದು ಅಪರೂಪ.

ಅದಕ್ಕಿಂತ ದೊಡ್ಡ ತೊಡಕು ಮಾದರಿಯ ಗಾತ್ರದ್ದು. 40 ಮಂದಿಯ ಮೇಲೆ ಲೆಕ್ಕ ಹಾಕಿದ ಈ 0.69ರ ಪ್ರಮಾಣ ದೋಷ ಸುಮಾರು 0.11 ಇದೆ, ಆದ್ದರಿಂದ ಶೇ. 95ರ ವಿಶ್ವಾಸಾಂತರ 0.47ರಿಂದ 0.92ರವರೆಗೆ ಚಾಚಿಕೊಳ್ಳುತ್ತದೆ. ಅದೇ ಪಟ್ಟಿಯ ಪ್ರಕಾರ ಇದರ ಕೆಳತುದಿ "ಮಧ್ಯಮ", ಮೇಲ್ತುದಿ "ಬಹುತೇಕ ಪರಿಪೂರ್ಣ". ಮೂರು ವಿಶೇಷಣಗಳೂ ನಮ್ಮ ದತ್ತಾಂಶಕ್ಕೆ ಒಗ್ಗುತ್ತವೆ ಎಂದ ಮೇಲೆ ನಡುವಿನದನ್ನು ಮಾತ್ರ ಆರಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ವಿಶೇಷಣವನ್ನು ಬಿಟ್ಟು, ಅಂತರವನ್ನು ಬರೆದು, ಕೆಳತುದಿಯ 0.47 ನಿಜವಾಗಿದ್ದರೂ ಈ ಸಂದರ್ಶನ ನಿಮ್ಮ ಉದ್ದೇಶಕ್ಕೆ ಸಾಲುತ್ತದೆಯೇ ಎಂದು ವಿಚಾರಿಸುವುದು ಹೆಚ್ಚು ಪ್ರಾಮಾಣಿಕ ದಾರಿ. ಸಂಶೋಧನೆಗೆ ರೋಗಿಗಳ ಗುಂಪು ಮಾಡಲು ಸಾಲಬಹುದಾದ ಮಟ್ಟವು ಒಬ್ಬ ವ್ಯಕ್ತಿಯ ಚಿಕಿತ್ಸೆಯನ್ನು ನಿರ್ಧರಿಸಲು ಸಾಲದಿರಬಹುದು.

ತಂತ್ರಾಂಶವು ಪಿ ಮೌಲ್ಯ 0.001ಕ್ಕಿಂತ ಕಡಿಮೆ ಎಂದು ತೋರಿಸುತ್ತಿದೆ. ಅದನ್ನು ವರದಿಯಲ್ಲಿ ಸೇರಿಸಬೇಕೇ?

ಬೇಕಿಲ್ಲ. ಆ ಪಿ ಮೌಲ್ಯ ಹೇಳುವುದು ಕಪ್ಪಾ ಸೊನ್ನೆಯಲ್ಲ ಎಂಬುದನ್ನು ಮಾತ್ರ. ಒಂದೇ ತರಬೇತಿ ಪಡೆದು, ಒಂದೇ ಪ್ರಶ್ನಾವಳಿ ಹಿಡಿದು ಕುಳಿತ ಇಬ್ಬರು ಚೀಟಿ ಎತ್ತುವವರಿಗಿಂತ ಚೆನ್ನಾಗಿ ಒಪ್ಪುತ್ತಾರೆಯೇ ಎಂಬುದು ಯಾರ ಅನುಮಾನವೂ ಆಗಿರಲಿಲ್ಲ.

ಉನ್ಮಾದ ಪ್ರಸಂಗದ ವಿಷಯದಲ್ಲಿ ಒಮ್ಮತ ಶೇ. 90 ಇದ್ದರೂ ಕಪ್ಪಾ 0.44 ಮಾತ್ರ ಬಂದಿದೆ. ಎಲ್ಲಿ ತಪ್ಪಾಗಿದೆ?

ಲೆಕ್ಕದಲ್ಲಿ ತಪ್ಪಿಲ್ಲ. ಅದೇ 40 ರೋಗಿಗಳಲ್ಲಿ ಹಿಂದೆ ಉನ್ಮಾದ ಪ್ರಸಂಗ ಆಗಿತ್ತು ಎಂದು ಇಬ್ಬರೂ ಹೇಳಿದ್ದು ಇಬ್ಬರ ಬಗ್ಗೆ. ಇಲ್ಲವೆಂದು ಇಬ್ಬರೂ ಹೇಳಿದ್ದು 34 ಮಂದಿಯ ಬಗ್ಗೆ. ಒಬ್ಬೊಬ್ಬರೇ "ಇತ್ತು" ಎಂದದ್ದು ತಲಾ ಇಬ್ಬರ ಬಗ್ಗೆ. ಇಬ್ಬರೂ ಹತ್ತರಲ್ಲಿ ಒಂಬತ್ತು ಬಾರಿ "ಇಲ್ಲ" ಎನ್ನುವವರಾದ್ದರಿಂದ ಆಕಸ್ಮಿಕ ಒಮ್ಮತವೇ 0.82ಕ್ಕೆ ಏರಿಬಿಡುತ್ತದೆ. ಗಳಿಸಲು ಉಳಿಯುವ ಜಾಗ 0.18, ಅದರಲ್ಲಿ ಗಳಿಸಿದ್ದು 0.08. ಒಮ್ಮತ ಹೆಚ್ಚಿದ್ದೂ ಕಪ್ಪಾ ಕಡಿಮೆಯಾಗುವ ಈ ವಿರೋಧಾಭಾಸವನ್ನು ಫೈನ್‌ಸ್ಟೈನ್ ಮತ್ತು ಸಿಚೆಟ್ಟಿ 1990ರಲ್ಲಿ ವಿವರವಾಗಿ ಚರ್ಚಿಸಿದರು.

ಇದನ್ನು ಕಪ್ಪಾದ ದೋಷ ಎಂದು ತಳ್ಳಿಹಾಕುವ ಮುನ್ನ ನಾಲ್ಕು ಕೋಶಗಳನ್ನು ಇನ್ನೊಮ್ಮೆ ನೋಡಬೇಕು. ಯಾರಾದರೊಬ್ಬರು "ಇತ್ತು" ಎಂದ ರೋಗಿಗಳು ಆರು; ಅವರಲ್ಲಿ ಇಬ್ಬರೂ ಒಪ್ಪಿದ್ದು ಎರಡೇ ಕಡೆ. "ಇದೆ" ಎಂಬ ತೀರ್ಮಾನಗಳ ಮೇಲಿನ ಒಮ್ಮತವನ್ನಷ್ಟೇ ಬೇರೆಯಾಗಿ ಲೆಕ್ಕ ಹಾಕಿದರೆ, ಅಂದರೆ ಇಬ್ಬರೂ ಒಪ್ಪಿದ ಸಂಖ್ಯೆಯ ಎರಡರಷ್ಟನ್ನು ಇಬ್ಬರ "ಇದೆ"ಗಳ ಮೊತ್ತದಿಂದ ಭಾಗಿಸಿದರೆ, 4/8 = 0.50 ಬರುತ್ತದೆ. "ಇಲ್ಲ" ಎಂಬುದರ ಮೇಲಿನ ಒಮ್ಮತ 68/72 = 0.94. ಖಿನ್ನತೆಗೆ ಇದೇ ಜೋಡಿ 0.82 ಮತ್ತು 0.87. ಹಾಗಾದರೆ ಶೇ. 90 ಎಂಬ ಸಂಖ್ಯೆ ಹೇಳುತ್ತಿರುವುದು ಉನ್ಮಾದವಿಲ್ಲದವರನ್ನು ಗುರುತಿಸುವುದು ಸುಲಭ ಎಂಬುದನ್ನು. ಉನ್ಮಾದವನ್ನು ಗುರುತಿಸುವುದರಲ್ಲಿ ಈ ಇಬ್ಬರ ನಡುವೆ ಅಂಥ ಹೊಂದಾಣಿಕೆ ಇನ್ನೂ ಕಂಡಿಲ್ಲ, ಮತ್ತು ಕಪ್ಪಾ ಆ ಸಂಗತಿಯನ್ನು ಮುಚ್ಚಿಡುತ್ತಿಲ್ಲ.

ಹಾಗೆಂದು 0.44 ಅನ್ನೇ ನಂಬಿಬಿಡುವುದೂ ತಪ್ಪು. ಇಬ್ಬರೂ ಒಪ್ಪಿದ ಇಬ್ಬರು ರೋಗಿಗಳಲ್ಲಿ ಒಬ್ಬರ ಬಗ್ಗೆ ಎರಡನೇ ಮೌಲ್ಯಮಾಪಕರ ಮನಸ್ಸು ಬದಲಾಗಿ "ಇಲ್ಲ" ಎಂದಿದ್ದರೆ ಕಪ್ಪಾ 0.22ಕ್ಕೆ ಇಳಿಯುತ್ತಿತ್ತು. ಬದಲಿಗೆ, ಮೊದಲನೆಯವರು ಮಾತ್ರ "ಇತ್ತು" ಎಂದಿದ್ದ ಒಬ್ಬ ರೋಗಿಯ ಬಗ್ಗೆ ಎರಡನೆಯವರೂ ಹೌದೆಂದಿದ್ದರೆ 0.63ಕ್ಕೆ ಏರುತ್ತಿತ್ತು. ಒಬ್ಬ ರೋಗಿ, ಒಂದು ಸಂಜೆಯ ಒಂದು ತೀರ್ಮಾನ. ಅಷ್ಟಕ್ಕೆ ಪಟ್ಟಿಯ ವಿಶೇಷಣ ಎರಡು ಮೆಟ್ಟಿಲು ಹತ್ತಿ ಇಳಿಯುತ್ತದೆ. ವಿಶ್ವಾಸಾಂತರವೂ ಸುಮಾರು ಸೊನ್ನೆಯಿಂದ 0.90ರವರೆಗಿದೆ, ಅಂದರೆ ಹೇಳಲು ನಮ್ಮ ಬಳಿ ಏನೂ ಇಲ್ಲವೆಂದೇ ಅರ್ಥ. ಒಟ್ಟು ಮಾದರಿ 40 ಆದರೂ ಈ ಕಾಯಿಲೆಯ ಮಟ್ಟಿಗೆ ಮಾಹಿತಿ ಕೊಡುತ್ತಿರುವ ರೋಗಿಗಳು ಆರೇ ಮಂದಿ. ನನ್ನ ರೂಢಿ ಹೀಗಿದೆ: ಇಬ್ಬರಲ್ಲಿ ಯಾರೇ ಆಗಲಿ ಐದಕ್ಕಿಂತ ಕಡಿಮೆ ಬಾರಿ "ಇದೆ" ಎಂದಿದ್ದರೆ ಕಪ್ಪಾವನ್ನು ಕೊಡದೆ ನಾಲ್ಕು ಕೋಶಗಳ ಅಂಕಿಗಳನ್ನು ಮಾತ್ರ ಕೊಡುತ್ತೇನೆ. ಐದು ಎಂಬುದಕ್ಕೆ ಶಾಸ್ತ್ರಾಧಾರವೇನೂ ಇಲ್ಲ, ಎಲ್ಲೋ ಒಂದು ಕಡೆ ನಿಲ್ಲಬೇಕಷ್ಟೇ.

ಹಾಗಿದ್ದರೆ ವ್ಯಾಪಕತೆಗೆ ತಿದ್ದುಪಡಿ ಮಾಡಿದ ಕಪ್ಪಾ ಬಳಸಬಹುದಲ್ಲವೇ?

ವ್ಯಾಪಕತೆ ಮತ್ತು ಮೌಲ್ಯಮಾಪಕರ ಒಲವು ಎರಡಕ್ಕೂ ಹೊಂದಿಸಿದ, `PABAK` ಎಂದು ಕರೆಯುವ ಸೂಚ್ಯಂಕ ಇದೆ. ಅದರ ಸೂತ್ರ `2 × Po − 1`, ಅಷ್ಟೇ; `Po` ಎಂದರೆ ಕಂಡ ಒಮ್ಮತದ ಪ್ರಮಾಣ. ಉನ್ಮಾದಕ್ಕೆ 0.80, ಖಿನ್ನತೆಗೆ 0.70 ಬರುತ್ತದೆ. ಇದನ್ನು ನಂಬಿದರೆ ನಮ್ಮ ಸಂದರ್ಶನ ಖಿನ್ನತೆಗಿಂತ ಉನ್ಮಾದವನ್ನು ಚೆನ್ನಾಗಿ ಹಿಡಿಯುತ್ತದೆ ಎಂದಾಯಿತು. ಆದರೆ ಆರು "ಇತ್ತು"ಗಳಲ್ಲಿ ನಾಲ್ಕು ಭಿನ್ನಮತ ಎಂಬುದನ್ನು ಈಗಷ್ಟೇ ನೋಡಿದೆವು. ಸೂತ್ರವನ್ನು ಗಮನಿಸಿದರೆ ಇದು ಒಮ್ಮತದ ಶೇಕಡಾವಾರನ್ನೇ ಬೇರೆ ಅಳತೆಗೋಲಿನಲ್ಲಿ ಬರೆದದ್ದು, ಹೊಸ ಮಾಹಿತಿಯೇನೂ ಸೇರಿಲ್ಲ. ಕಪ್ಪಾದ ಪಕ್ಕದಲ್ಲಿ ಕೊಟ್ಟರೆ ಅಡ್ಡಿಯಿಲ್ಲ. ಕಪ್ಪಾದ ಬದಲಿಗೆ ಕೊಟ್ಟರೆ, ಅದೂ ಕಪ್ಪಾ ಕಡಿಮೆ ಬಂದ ಕಾಯಿಲೆಗಳಿಗೆ ಮಾತ್ರ ಕೊಟ್ಟರೆ, ಓದುಗರಿಗೆ ಅನುಮಾನ ಬರುವುದು ನ್ಯಾಯವೇ.

ಅಪರೂಪದ ಕಾಯಿಲೆ ಇರುವವರನ್ನು ಹುಡುಕಿ ಮಾದರಿಗೆ ಸೇರಿಸಿದರೆ?

ಸೇರಿಸಬಹುದು, ಆದರೆ ಹೇಗೆ ಸೇರಿಸಿದ್ದೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ವರ್ಷಗಟ್ಟಲೆ ಚಿಕಿತ್ಸೆಯಲ್ಲಿರುವ, ಕಾಯಿಲೆ ಎದ್ದು ಕಾಣುವ ರೋಗಿಗಳನ್ನು ಒಂದು ಕಡೆಯಿಂದಲೂ, ಯಾವ ತೊಂದರೆಯೂ ಇಲ್ಲದವರನ್ನು ಇನ್ನೊಂದು ಕಡೆಯಿಂದಲೂ ತಂದರೆ ನಡುವಿನ ಅನುಮಾನದ ರೋಗಿಗಳೇ ಮಾದರಿಯಿಂದ ಮಾಯವಾಗುತ್ತಾರೆ. ಆಗ ಕಪ್ಪಾ 0.90 ಬಂದರೂ ಅದು ಆ ಎರಡು ತುದಿಗಳ ನಡುವಿನ ದೂರದ ಅಳತೆಯೇ ಹೊರತು ಸಂದರ್ಶನದ ಅಳತೆಯಲ್ಲ. ಅದರ ಬದಲು "ಉನ್ಮಾದವಿರಬಹುದೇ?" ಎಂಬ ಅನುಮಾನದ ಮೇಲೆ ಕ್ಲಿನಿಕ್ಕಿಗೆ ಕಳುಹಿಸಲ್ಪಟ್ಟವರನ್ನೆಲ್ಲ ಸಾಲಾಗಿ ಸೇರಿಸಿಕೊಂಡರೆ ಕಾಯಿಲೆಯ ಪ್ರಮಾಣವೂ ಏರುತ್ತದೆ, ಕಷ್ಟದ ತೀರ್ಮಾನಗಳೂ ಉಳಿಯುತ್ತವೆ.

ಧ್ವನಿಮುದ್ರಣ ಕೇಳಿ ಎರಡನೆಯವರು ಮೌಲ್ಯಮಾಪನ ಮಾಡಿದರೆ ಸಾಕೇ, ಅಥವಾ ಅವರೂ ಪ್ರತ್ಯೇಕವಾಗಿ ಸಂದರ್ಶನ ಮಾಡಬೇಕೇ?

ಈ ಎರಡು ವಿಧಾನಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ, ಆದರೆ ವರದಿಯ ಸಾರಾಂಶದಲ್ಲಿ ಎರಡೂ "ಕಪ್ಪಾ" ಎಂಬ ಒಂದೇ ಹೆಸರಿನಲ್ಲಿ ಕಾಣಿಸಿಕೊಳ್ಳುವುದರಿಂದ ಗೊಂದಲವಾಗುತ್ತದೆ. ಮುದ್ರಣ ಕೇಳಿದಾಗ ಇಬ್ಬರ ಮುಂದೆಯೂ ಇರುವ ಉತ್ತರಗಳು ಒಂದೇ. ಭಿನ್ನಮತ ಬಂದರೆ ಅದು ಮಾನದಂಡವನ್ನು ಅನ್ವಯಿಸುವುದರಲ್ಲಿ ಮಾತ್ರ ಬರಲು ಸಾಧ್ಯ. ಕೆಲವು ದಿನ ಬಿಟ್ಟು ಎರಡನೆಯವರೇ ಮತ್ತೆ ಸಂದರ್ಶನ ಮಾಡಿದಾಗ ಇನ್ನೂ ಹಲವು ಸಂಗತಿಗಳು ಸೇರಿಕೊಳ್ಳುತ್ತವೆ: ರೋಗಿ ಮೊದಲ ಸಲ ಹೇಳದ್ದನ್ನು ಎರಡನೇ ಸಲ ಹೇಳುತ್ತಾರೆ, ಕೆಲವರು "ಹೌದು ಎಂದರೆ ಇನ್ನೂ ಹತ್ತು ಪ್ರಶ್ನೆ ಬರುತ್ತವೆ" ಎಂದು ಕಲಿತುಕೊಂಡು "ಇಲ್ಲ" ಎನ್ನುತ್ತಾರೆ, ಕೆಲವರ ಸ್ಥಿತಿಯೇ ನಿಜವಾಗಿ ಬದಲಾಗಿರುತ್ತದೆ. ಆದ್ದರಿಂದ ಎರಡನೇ ವಿಧಾನದ ಕಪ್ಪಾ ಸಾಮಾನ್ಯವಾಗಿ ಕಡಿಮೆ ಇರುತ್ತದೆ.

ಎಷ್ಟು ಕಡಿಮೆ ಎಂಬುದಕ್ಕೆ ಡಿಎಸ್‌ಎಂ-5ರ ಕ್ಷೇತ್ರ ಪರೀಕ್ಷೆಗಳನ್ನು ನೆನೆಯಬಹುದು. ಅಲ್ಲಿ ಇಬ್ಬರು ವೈದ್ಯರು ಒಂದೇ ರೋಗಿಯನ್ನು ಬೇರೆ ಬೇರೆ ಸಮಯದಲ್ಲಿ, ರಚನಾಬದ್ಧ ಸಂದರ್ಶನವಿಲ್ಲದೆ ತಮ್ಮ ಎಂದಿನ ರೀತಿಯಲ್ಲಿ ನೋಡಿದ್ದರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವಯಸ್ಕರ ಪ್ರಮುಖ ಖಿನ್ನತೆಗೆ ಬಂದ ಕಪ್ಪಾ 0.28, ಆಘಾತೋತ್ತರ ಒತ್ತಡದ ಕಾಯಿಲೆಗೆ 0.67. ಮುದ್ರಣ ಕೇಳಿ ಪಡೆದ 0.69 ಅನ್ನು ಆ 0.28ರ ಪಕ್ಕದಲ್ಲಿಟ್ಟು "ನಮ್ಮದು ಎರಡು ಪಟ್ಟು ಮೇಲು" ಎನ್ನುವುದು ಓಟವನ್ನೂ ಈಜನ್ನೂ ಒಂದೇ ಗಡಿಯಾರದಲ್ಲಿ ಅಳೆದಂತೆ.

ಮುದ್ರಣ ವಿಧಾನದಲ್ಲಿ ಇನ್ನೊಂದು ಸೋರಿಕೆ ಇದೆ, ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಇಂಥ ಬಹುತೇಕ ಸಂದರ್ಶನಗಳಲ್ಲಿ ಆರಂಭದ ಒಂದೆರಡು ಪ್ರಶ್ನೆಗಳಿಗೆ "ಇಲ್ಲ" ಎಂದರೆ ಆ ಭಾಗವನ್ನು ಬಿಟ್ಟು ಮುಂದೆ ಹೋಗುವ ನಿಯಮವಿರುತ್ತದೆ. ಮೊದಲ ಮೌಲ್ಯಮಾಪಕರು ಎರಡನೇ ಪ್ರಶ್ನೆಯ ನಂತರ ಖಿನ್ನತೆಯ ಭಾಗವನ್ನು ದಾಟಿದರು ಎಂದರೆ ಮುದ್ರಣ ಕೇಳುವವರಿಗೆ ಮೊದಲನೆಯವರ ತೀರ್ಮಾನ ತಿಳಿದುಹೋಯಿತು, ಜೊತೆಗೆ ಭಿನ್ನಮತ ಹೇಳಲು ಬೇಕಾದ ಉತ್ತರಗಳೇ ಇಲ್ಲವಾದವು. "ಇಲ್ಲ" ಎಂಬ ಕೋಶ ಹೀಗೆ ತಾನಾಗಿ ತುಂಬಿಕೊಳ್ಳುತ್ತದೆ. ನಮ್ಮ ಉದಾಹರಣೆಯಲ್ಲಿ ಈ ನಿಯಮ ಇದ್ದಿದ್ದರೆ ಆ 20ರಲ್ಲಿ ಎಷ್ಟು ಹೀಗೆ ಬಂದವು ಎಂದು ಮುದ್ರಣಗಳನ್ನು ಎಣಿಸಿ ನೋಡಬೇಕಾಗುತ್ತಿತ್ತು. ವಿಶ್ವಾಸಾರ್ಹತೆಯ ಅಧ್ಯಯನದ ಮಟ್ಟಿಗೆ ದಾಟುವ ನಿಯಮವನ್ನು ಕೈಬಿಟ್ಟು, ಪರೀಕ್ಷಿಸಬೇಕಾದ ಎರಡು ಮೂರು ಕಾಯಿಲೆಗಳ ಪ್ರಶ್ನೆಗಳನ್ನಾದರೂ ಎಲ್ಲರಿಗೂ ಪೂರ್ತಿ ಕೇಳುವುದು ಉತ್ತಮ. ಸಮಯ ಹಿಡಿಯುತ್ತದೆ ನಿಜ, ರೋಗಿಗಳ ತಾಳ್ಮೆಯೂ ಬೇಕು. ಆದ್ದರಿಂದಲೇ ಎಲ್ಲ ಕಾಯಿಲೆಗಳಿಗೂ ಇದನ್ನು ಮಾಡಲು ಹೋಗಬಾರದು.

ಭಿನ್ನಮತ ಬಂದ ಆರು ರೋಗಿಗಳ ಬಗ್ಗೆ ಇಬ್ಬರೂ ಚರ್ಚಿಸಿ ಒಂದು ತೀರ್ಮಾನಕ್ಕೆ ಬಂದರು. ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು?

ಕಪ್ಪಾಕ್ಕೆ ಚರ್ಚೆಯ ಮುಂಚಿನ ತೀರ್ಮಾನವನ್ನೇ, ಯಾವ ವಿನಾಯಿತಿಯೂ ಇಲ್ಲದೆ. ಅದಕ್ಕಾಗಿ ಹಾಳೆಗಳನ್ನು ಚರ್ಚೆಗೆ ಮೊದಲೇ ಮೂರನೆಯವರ ಕೈಗೆ ಒಪ್ಪಿಸಿರಬೇಕು. "ಆಮೇಲೆ ಸರಿಪಡಿಸಿದ" ಒಂದೆರಡು ಗುರುತುಗಳು 40ರ ಮಾದರಿಯಲ್ಲಿ ಏನು ಮಾಡುತ್ತವೆ ಎಂಬುದನ್ನು ಮೇಲೆ ಕಂಡಿದ್ದೇವೆ.

ಚರ್ಚೆ ಮಾತ್ರ ವ್ಯರ್ಥವಲ್ಲ. ಸಣ್ಣ ಮಾದರಿಯ ಅಧ್ಯಯನದಿಂದ ಸಿಗುವ ಅತ್ಯಂತ ಉಪಯುಕ್ತ ಫಲ ಅದರಲ್ಲೇ ಇದೆ ಎಂದು ನನ್ನ ಅಭಿಪ್ರಾಯ. ಆರೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಇಬ್ಬರೂ ಯಾವ ಲಕ್ಷಣದವರೆಗೆ ಒಟ್ಟಿಗೆ ನಡೆದು ಎಲ್ಲಿ ಬೇರಾದರು ಎಂದು ಹುಡುಕಬೇಕು. ಉದಾಹರಣೆಗೆ, ಒಬ್ಬ ರೋಗಿ "ಬೆಳಗ್ಗೆ ಏಳುವಾಗ ಮನಸ್ಸು ಭಾರವಾಗಿರುತ್ತದೆ, ಕೆಲಸಕ್ಕೆ ಹೋದ ಮೇಲೆ ಪರವಾಗಿಲ್ಲ, ರಾತ್ರಿ ಮತ್ತೆ ಅದೇ" ಎನ್ನುತ್ತಾರೆ. "ದಿನದ ಬಹುಭಾಗ, ಬಹುತೇಕ ಪ್ರತಿದಿನ" ಎಂಬ ಮಾನದಂಡಕ್ಕೆ ಇದು ಸೇರುತ್ತದೆಂದು ಒಬ್ಬರು, ಸೇರುವುದಿಲ್ಲವೆಂದು ಇನ್ನೊಬ್ಬರು ಗುರುತು ಹಾಕುತ್ತಾರೆ. ನಾಲ್ಕು ಲಕ್ಷಣ ಮತ್ತು ಐದು ಲಕ್ಷಣಗಳ ನಡುವಿನ ಗಡಿಯಲ್ಲಿರುವ ರೋಗಿಯಾದರೆ ಆ ಒಂದು ಗುರುತಿನಿಂದಲೇ ರೋಗನಿರ್ಣಯ ತಿರುಗಿಬೀಳುತ್ತದೆ. ಆರರಲ್ಲಿ ಮೂರು ನಾಲ್ಕು ಭಿನ್ನಮತಗಳು ಇದೇ ವಾಕ್ಯದಿಂದ ಹುಟ್ಟಿದ್ದರೆ ದೋಷ ಮೌಲ್ಯಮಾಪಕರದ್ದಲ್ಲ, ಕೈಪಿಡಿಯದ್ದು: ಎಷ್ಟು ಹೊತ್ತು, ವಾರಕ್ಕೆ ಎಷ್ಟು ದಿನ ಎಂಬುದನ್ನು ಕೈಪಿಡಿ ಬಿಡಿಸಿ ಹೇಳಿಲ್ಲ. ಅದನ್ನು ತಿದ್ದಿದ ಮೇಲೆ ಹೊಸ ರೋಗಿಗಳ ಮೇಲೆ ಮತ್ತೆ ಪರೀಕ್ಷಿಸಬೇಕು. ಹಳೆಯ 40 ಮುದ್ರಣಗಳನ್ನೇ ಮತ್ತೆ ಕೇಳಿ ಕಪ್ಪಾ ಏರಿತು ಎನ್ನುವಂತಿಲ್ಲ.

ಮೂವರು ಮೌಲ್ಯಮಾಪಕರಿದ್ದರೆ? ತೀವ್ರತೆಯ ಮೂರು ದರ್ಜೆಗಳಿದ್ದರೆ?

ಮೂವರಿದ್ದರೆ ಫ್ಲೈಸ್ 1971ರಲ್ಲಿ ಕೊಟ್ಟ ಕಪ್ಪಾ ಇದೆ, ಆದರೆ ಜೋಡಿ ಜೋಡಿಯಾಗಿ ಮೂರು ಕಪ್ಪಾಗಳನ್ನೂ ನೋಡಿ. ಒಬ್ಬರು ಮಾತ್ರ ಉಳಿದಿಬ್ಬರಿಂದ ದೂರವಿದ್ದರೆ ಒಟ್ಟು ಸಂಖ್ಯೆ ಅದನ್ನು ತೋರಿಸುವುದಿಲ್ಲ. ದರ್ಜೆಗಳಿದ್ದರೆ ತೂಕ ಹಾಕಿದ ಕಪ್ಪಾ ಬೇಕು, ಮತ್ತು ತೂಕ ರೇಖೀಯವೋ ವರ್ಗೀಯವೋ ಎಂಬುದನ್ನು ದತ್ತಾಂಶ ನೋಡುವ ಮೊದಲೇ ನಿರ್ಧರಿಸಿರಬೇಕು.

ಕಪ್ಪಾ ಚೆನ್ನಾಗಿ ಬಂದರೆ ಸಂದರ್ಶನದ ಸಿಂಧುತ್ವ ಸಾಬೀತಾದಂತೆಯೇ?

ಇಲ್ಲ. ಇಬ್ಬರೂ ಒಂದೇ ತಪ್ಪನ್ನು ಒಮ್ಮತದಿಂದ ಮಾಡಬಹುದು. ದುಃಖದ ಸಹಜ ಪ್ರತಿಕ್ರಿಯೆಯನ್ನೆಲ್ಲ ಖಿನ್ನತೆ ಎಂದು ಗುರುತು ಹಾಕುವಂತೆ ತರಬೇತಿ ಕೊಟ್ಟಿದ್ದರೂ ಕಪ್ಪಾ ಏರುತ್ತದೆ. ಸಿಂಧುತ್ವಕ್ಕೆ ಬೇರೆ ಅಳತೆಗೋಲು ಬೇಕು, ಉದಾಹರಣೆಗೆ ಸಂದರ್ಶನದ ಫಲಿತಾಂಶ ತಿಳಿಯದ ಅನುಭವಿ ತಜ್ಞರು, ಎಲ್ಲ ದಾಖಲೆಗಳನ್ನೂ ನೋಡಿ, ಕೆಲವು ತಿಂಗಳ ಅನುಸರಣೆಯ ನಂತರ ಕೊಡುವ ನಿರ್ಣಯ. ಆ ಹೋಲಿಕೆಯಲ್ಲಿ ಎರಡೂ ಕಡೆಯವರು ಸಮಾನರಲ್ಲವಾದ್ದರಿಂದ ಕಪ್ಪಾಕ್ಕಿಂತ ಸಂವೇದನಾಶೀಲತೆ ಮತ್ತು ನಿರ್ದಿಷ್ಟತೆಗಳನ್ನು ಬೇರೆ ಬೇರೆಯಾಗಿ ಕೊಡುವುದು ಅರ್ಥಪೂರ್ಣ.

ಎಷ್ಟು ರೋಗಿಗಳಿದ್ದರೆ ಸಾಕು?

ಕಾಯಿಲೆ ಶೇ. 40ರ ಆಸುಪಾಸಿನಲ್ಲಿದ್ದು ಕಪ್ಪಾ 0.70ರ ಹತ್ತಿರ ಇರಬಹುದು ಎಂದುಕೊಂಡರೆ, ವಿಶ್ವಾಸಾಂತರವನ್ನು ಎರಡೂ ಕಡೆ 0.15ಕ್ಕೆ ಸೀಮಿತಗೊಳಿಸಲು ಸುಮಾರು 90 ಮಂದಿ, 0.10ಕ್ಕೆ ಸೀಮಿತಗೊಳಿಸಲು ಸುಮಾರು 200 ಮಂದಿ ಬೇಕು. ಶೇ. 10ರಷ್ಟಿರುವ ಕಾಯಿಲೆಗೆ ಇದಕ್ಕಿಂತ ಬಹಳ ಹೆಚ್ಚು. 40 ಮಂದಿಯಷ್ಟೇ ಸಿಗುವ ಕ್ಲಿನಿಕ್ಕಿನವರು ಹನ್ನೆರಡು ಕಾಯಿಲೆಗಳಿಗೆ ಹನ್ನೆರಡು ಕಪ್ಪಾ ಕೊಡುವ ಬದಲು, ತಮ್ಮಲ್ಲಿ ಸಾಮಾನ್ಯವಾದ ಎರಡು ಮೂರನ್ನು ಮೊದಲೇ ಆರಿಸಿಕೊಂಡು ಅವುಗಳನ್ನು ಸರಿಯಾಗಿ ಪರೀಕ್ಷಿಸುವುದು ಮೇಲು.

ಕೊನೆಗೆ ವರದಿಯಲ್ಲಿ ಹೇಗೆ ಬರೆಯಬೇಕು?

ನಮ್ಮ ಉದಾಹರಣೆಯನ್ನು ನಾನಾದರೆ ಹೀಗೆ ಬರೆಯುತ್ತೇನೆ: "ಸತತವಾಗಿ ಬಂದ 40 ಹೊರರೋಗಿಗಳ ಧ್ವನಿಮುದ್ರಣಗಳನ್ನು, ಮೊದಲ ತೀರ್ಮಾನ ತಿಳಿಯದ ಎರಡನೇ ಮೌಲ್ಯಮಾಪಕರು ಸ್ವತಂತ್ರವಾಗಿ ಗುರುತಿಸಿದರು, ದಾಟುವ ನಿಯಮವನ್ನು ಅನ್ವಯಿಸಿರಲಿಲ್ಲ. ಪ್ರಸ್ತುತ ಖಿನ್ನತೆಗೆ ಕೋಶಗಳು 14, 4, 2, 20, ಕಪ್ಪಾ 0.69, ಶೇ. 95ರ ವಿಶ್ವಾಸಾಂತರ 0.47–0.92; 'ಇದೆ' ಎಂಬುದರ ಮೇಲಿನ ಒಮ್ಮತ 0.82, 'ಇಲ್ಲ' ಎಂಬುದರ ಮೇಲಿನದು 0.87. ಉನ್ಮಾದ ಪ್ರಸಂಗಕ್ಕೆ ಕೋಶಗಳು 2, 2, 2, 34. ಪ್ರಕರಣಗಳು ತೀರಾ ಕಡಿಮೆಯಾದ್ದರಿಂದ ವಿಶ್ವಾಸಾರ್ಹತೆಯನ್ನು ಅಂದಾಜು ಮಾಡಿಲ್ಲ."